ಬೆಂಕಿ ಕೊಡುವವರು ಯಾರು? ಬದಿಯಡ್ಕದ ಕಡೆಯ ಒಂದು ಪ್ರಕರಣ

ದೇವಸ್ಥಾನಕ್ಕೆ ಹೋಗದೆ ಇರುವುದು ಕಾಸರಗೋಡಿನ ಕಡೆ ಕಷ್ಟವೇನಲ್ಲ. ಅಲ್ಲಿ ಯಾರೂ ಹಾಜರಿ ಹಾಕುವುದಿಲ್ಲ. ಮಧೂರಿಗೆ ವರ್ಷಗಟ್ಟಲೆ ಕಾಲಿಡದಿದ್ದರೂ ಯಾಕೆ ಅಂತ ಕೇಳುವವರಿಲ್ಲ. ಮಠದ ಕಾಣಿಕೆಗೆ ಗುರಿಕ್ಕಾರರು ಬಂದಾಗ ಕೊಡುವುದಿಲ್ಲ ಅಂದರೆ ಒಂದೆರಡು ಮಾತು ಬರಬಹುದು. ಬ್ರಹ್ಮಕಲಶದ ರಶೀದಿ ಪುಸ್ತಕ ಹಿಡಿದು ಬಂದವರಿಗೆ ಸ್ವಲ್ಪ ಬೇಸರ ಆಗಬಹುದು. ಅಷ್ಟೆ. ಮನೆಯಲ್ಲಿ ಬೆಳಿಗ್ಗೆ ಧ್ಯಾನ, ಸಂಜೆ ಜಪ, ನಡುವೆ ನಮ್ಮ ಕೆಲಸ. ಹೀಗೆ ಬದುಕುವವರು ನಮ್ಮ ಸುತ್ತ ಜಾಸ್ತಿಯೇ ಇದ್ದಾರೆ. ತೊಡಕು ಶುರುವಾಗುವುದು ಮನೆಯಲ್ಲಿ ಒಂದು ಸಾವು ಆದಾಗ.

ಅಮೆರಿಕದಲ್ಲಿ ಇಂಥವರನ್ನು ಲೆಕ್ಕ ಹಾಕುತ್ತಾರೆ. ಅಲ್ಲಿನ ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ಮಾಡಿದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 22ರಷ್ಟು ಜನ ಈ ಗುಂಪಿಗೆ ಸೇರುತ್ತಾರೆ. ಆಧ್ಯಾತ್ಮ ಬೇಕು, ಧರ್ಮದ ಕಟ್ಟು ಬೇಡ ಅನ್ನುವವರು. ಅಲ್ಲಿ ಚರ್ಚು ಬಿಡುವುದು ಅಂದರೆ ಭಾನುವಾರ ಹೋಗುವುದನ್ನು ನಿಲ್ಲಿಸುವುದು. ನಮ್ಮಲ್ಲಿ ಹಾಗೆ ಬಿಡುವುದಕ್ಕೆ ಸದಸ್ಯತ್ವವೇ ಇಲ್ಲ. ದೇವಸ್ಥಾನವನ್ನೂ ಮಠವನ್ನೂ ಸುಮ್ನೆ ಬಿಡಬಹುದು. ಒಬ್ಬರೇ ಬಿಡಲು ಆಗದ್ದು ಮನೆಯ ಕ್ರಿಯೆಗಳು. ಯಾಕೆಂದರೆ ಅವುಗಳ ಫಲವನ್ನೂ ಮೈಲಿಗೆಯನ್ನೂ ಇಡೀ ದಾಯಾದಿ ಬಳಗ ಹಂಚಿಕೊಂಡಿರುತ್ತದೆ. ಈ ಪ್ರಕರಣದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ.

ಇದು ಬದಿಯಡ್ಕದ ಕಡೆಯ ಒಂದು ಹವ್ಯಕ ಮನೆಯ ಕಥೆ. ಆ ಮನೆಯವರ ಒಪ್ಪಿಗೆಯಿಂದ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಗುರುತು ಸಿಗುವ ಒಂದೆರಡು ವಿವರ ಬದಲಿಸಿದ್ದೇನೆ. ಕಥೆಯ ನಡುವೆ ಇರುವವರು ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತ ಕಲಿಸುವವರು. ಊರವರ ಹಾಗೆ ನಾನೂ ಅವರನ್ನು ಮಾಷ್ಟ್ರು ಅಂತಲೇ ಕರೆಯುತ್ತೇನೆ. ವಯಸ್ಸು ಐವತ್ತು ದಾಟಿದೆ. ಹೆಂಡತಿ ಸಹಕಾರಿ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾರೆ, ಒಬ್ಬಳು ಮಗಳು. ಮನೆಯಲ್ಲಿ ಅಪ್ಪ, ಅಬ್ಬೆ. ತಮ್ಮ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಎರಡೆಕರೆ ಅಡಕೆ ತೋಟ ಇದೆ.

ಮಾಷ್ಟ್ರು ಏನು ಮಾಡುತ್ತಾರೆ, ಏನು ಬಿಟ್ಟಿದ್ದಾರೆ

ಅವರ ಸಾಧನೆಗೆ ಎರಡು ಬೇರು. ಮೊದಲನೆಯದು ಅಜ್ಜಿ ಕಲಿಸಿದ ರಾಮಜಪ. ಅಜ್ಜಿ ಕಾಞಂಗಾಡಿನ ಆನಂದಾಶ್ರಮಕ್ಕೆ ಹೋಗಿ ಬರುತ್ತಿದ್ದವರು. ಸ್ವಾಮಿ ರಾಮದಾಸರು ಮತ್ತು ಮಾತೆ ಕೃಷ್ಣಾಬಾಯಿ 1931ರಲ್ಲಿ ಕಟ್ಟಿದ ಆಶ್ರಮ ಅದು. 'ಓಂ ಶ್ರೀರಾಮ ಜಯರಾಮ ಜಯ ಜಯ ರಾಮ' ಅಂತ ಅಲ್ಲಿ ಹಗಲಿಡೀ ನಾಮ ನಡೆಯುತ್ತದೆ. ಜಾತಿ ಕೇಳುವುದಿಲ್ಲ. ಬಂದವರು ಕೂತು ಹೇಳಬಹುದು, ಸುಮ್ಮನೆ ಕೇಳಲೂಬಹುದು. ರಾಮದಾಸರಿಗೆ ಈ ಮಂತ್ರ ಕೊಟ್ಟದ್ದು ಅವರ ಅಪ್ಪನೇ. ಮಾಷ್ಟ್ರಿಗೆ ಈ ಸಂಗತಿ ತುಂಬ ಇಷ್ಟ. ಮಂತ್ರ ಮನೆಯೊಳಗಿಂದಲೇ ಬರಬಹುದು, ಅದಕ್ಕೆ ಪೀಠ ಬೇಕಾಗಿಲ್ಲ ಅಂತ ಅವರು ಹೇಳುವುದುಂಟು.

ಎರಡನೆಯದು ವಿಪಶ್ಯನ. ಗೋಯಂಕಾ ಅವರು 1969ರಲ್ಲಿ ಬರ್ಮಾದಿಂದ ಬಂದು ಭಾರತದಲ್ಲಿ ಕಲಿಸಲು ಶುರುಮಾಡಿದ ಪದ್ಧತಿ. ಹತ್ತು ದಿನದ ಶಿಬಿರ. ಬೆಳಗ್ಗೆ ನಾಲ್ಕಕ್ಕೆ ಗಂಟೆ ಹೊಡೆಯುತ್ತದೆ, ರಾತ್ರಿ ಒಂಬತ್ತರವರೆಗೆ ಕೂರುವುದು, ಮಾತು ಪೂರ್ತಿ ಬಂದ್. ಮೊದಲ ಮೂರು ದಿನ ಬರಿಯ ಉಸಿರು ನೋಡುವುದು. ನಾಲ್ಕನೆಯ ದಿನದಿಂದ ಮೈಯ ಮೇಲಿನ ಸಂವೇದನೆಗಳನ್ನು ತಲೆಯಿಂದ ಕಾಲಿನವರೆಗೆ ಗಮನಿಸುವುದು. ಅವು ಹುಟ್ಟುತ್ತವೆ, ಹೋಗುತ್ತವೆ ಅಂತ ನೋಡಿಕೊಂಡಿರುವುದು. ಶುಲ್ಕ ಇಲ್ಲ. ಶಿಬಿರ ಮುಗಿಸಿದವರು ಕೊಡುವ ದಾನದಿಂದಲೇ ಮುಂದಿನವರದ್ದು ನಡೆಯುತ್ತದೆ. ಮನೆಗೆ ಹೋದ ಮೇಲೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಬೇಕು ಅನ್ನುತ್ತಾರೆ. ಮಾಷ್ಟ್ರು ಅದನ್ನು ಅಚ್ಚುಕಟ್ಟಾಗಿ ಪಾಲಿಸಿದರು.

ಆದರೆ ಅಲ್ಲಿಯೂ ಒಂದು ಕಟ್ಟು ಇತ್ತು. ಈ ಸಾಧನೆಯ ಜೊತೆ ಬೇರೆ ಸಾಧನೆ ಬೆರೆಸಬೇಡಿ ಅನ್ನುವ ನಿಯಮ. ಜಪ ಇಟ್ಟುಕೊಳ್ಳಿ ಅಥವಾ ಇದನ್ನು ಇಟ್ಟುಕೊಳ್ಳಿ, ಎರಡನ್ನೂ ಮಾಡಿದರೆ ಯಾವುದರಿಂದ ಏನಾಯಿತು ಅಂತ ನಿಮಗೇ ತಿಳಿಯುವುದಿಲ್ಲ ಅಂತ ಅವರ ಕಾರಣ. ಕಾರಣ ಸರಿಯಾದದ್ದೇ. ಆದರೆ ಅಜ್ಜಿಯ ಜಪ ಬಿಡಲು ಮಾಷ್ಟ್ರಿಗೆ ಮನಸ್ಸಾಗಲಿಲ್ಲ. ವಾರಕ್ಕೊಮ್ಮೆ ನಡೆಯುತ್ತಿದ್ದ ಸಾಮೂಹಿಕ ಧ್ಯಾನಕ್ಕೆ ಹೋಗುವುದನ್ನು ನಿಲ್ಲಿಸಿದರು. ಸಂಸ್ಥೆ ಬೇಡ ಅನ್ನುವವರು ಗಮನಿಸಬೇಕಾದ ವಿಷಯ ಇದು. ಸಾಧನೆ ಅನ್ನುವುದು ಯಾವುದೋ ಒಂದು ಕಟ್ಟಿನೊಳಗೆ ಬೆಳೆದೇ ನಮ್ಮ ಕೈಗೆ ಬಂದಿರುತ್ತದೆ. ಆ ಕಟ್ಟಿಗೂ ತನ್ನದೇ ಷರತ್ತುಗಳಿರುತ್ತವೆ.

ಬಿಟ್ಟದ್ದರಲ್ಲಿ ಮುಖ್ಯವಾದದ್ದು ಜನಿವಾರ. ಮದುವೆಯಾಗಿ ಕೆಲವು ವರ್ಷದ ಮೇಲೆ ಅದನ್ನು ತೆಗೆದಿಟ್ಟರು. ಜಗಳ ಮಾಡಿ ತೆಗೆದದ್ದಲ್ಲ. ಸಂಧ್ಯಾವಂದನೆ ಮಾಡದೆ ಸುಮ್ನೆ ಹಾಕಿಕೊಳ್ಳುವುದು ಸುಳ್ಳಾಗುತ್ತದೆ ಅಂತ ಅವರಿಗೆ ಅನಿಸಿತ್ತು. ಅಪ್ಪನಿಗೆ ನೋವಾಯಿತು, ಆದರೂ ಹೆಚ್ಚು ಮಾತಾಡಲಿಲ್ಲ. ಆಗ ಇದರಿಂದ ಯಾರ ಕೆಲಸವೂ ನಿಲ್ಲಲಿಲ್ಲ.

ಒಂದು ರಾತ್ರಿಯಲ್ಲಿ ತೀರ್ಮಾನ ಆಗಬೇಕಿತ್ತು

ಅಪ್ಪ ಎಂಬತ್ತು ದಾಟಿದವರು. ಒಂದು ಸಂಜೆ ಉಸಿರಾಟದ ತೊಂದರೆಯಿಂದ ಹೋಗಿಬಿಟ್ಟರು. ತಮ್ಮ ಬೆಂಗಳೂರಿನಿಂದ ರಾತ್ರಿಯೇ ಹೊರಟರು. ಬೆಳಿಗ್ಗೆ ಸುಡುವುದು ಅಂತ ಆಯಿತು. ನೆರೆಹೊರೆಯವರು ಬಂದು ತೋಟದ ಕರೆಯಲ್ಲಿದ್ದ ಮಾವಿನ ಮರ ಕಡಿದರು. ಗೆರಟೆ ಒಟ್ಟುಮಾಡಿದರು. ಜಾಗ ನಮ್ಮದೇ, ಸೌದೆ ನಮ್ಮದೇ. ಕೇಳುವುದಕ್ಕೆ ಯಾವ ಕಚೇರಿಯೂ ಇಲ್ಲ. ಮರಣವನ್ನು 21 ದಿನದೊಳಗೆ ಪಂಚಾಯತಿನಲ್ಲಿ ದಾಖಲು ಮಾಡಿಸಿದರೆ ಸಾಕು. ಯಾವ ಕ್ರಮದಲ್ಲಿ ಸುಟ್ಟಿರಿ ಅಂತ ಸರಕಾರ ಕೇಳುವುದಿಲ್ಲ.

ರಾತ್ರಿ ಹತ್ತರ ಹೊತ್ತಿಗೆ ಪುರೋಹಿತ ಭಟ್ರು ಬಂದರು. ಮಾಷ್ಟ್ರು ತಮ್ಮ ಮನಸ್ಸಿನಲ್ಲಿದ್ದದ್ದನ್ನು ಹೇಳಿದರು. ಬೆಂಕಿ ನಾನು ಕೊಡುತ್ತೇನೆ, ಹಿರಿಮಗ ನಾನು, ಅಪ್ಪನಿಗೆ ಅದು ನನ್ನ ಕೈಯಿಂದ ಆಗಬೇಕು. ಮಂತ್ರ ಬೇಡ, ಮುಂದಿನ ಕ್ರಿಯೆಗಳೂ ಬೇಡ. ಅಬ್ಬೆಗೆ ಬೇಕಿದ್ದರೆ ತಮ್ಮ ಮಾಡಲಿ.

ಭಟ್ರು ಆಗ ಹೇಳಿದ ಒಂದು ಮಾತು ಇಡೀ ಪ್ರಕರಣದ ಗಂಟು. ಯಾರು ಬೆಂಕಿ ಕೊಡುತ್ತಾರೋ ಅವರೇ ಹತ್ತು ದಿನ ಮುಗಿಸಬೇಕು. ನಡುವೆ ಕರ್ತೃವನ್ನು ಬದಲಿಸುವ ಕ್ರಮ ಇಲ್ಲ. ಅಣ್ಣ ಬೆಂಕಿ ಕೊಟ್ಟು ತಮ್ಮ ಪಿಂಡ ಹಾಕಲು ಆಗುವುದಿಲ್ಲ. ಅಣ್ಣನೇ ಮಾಡುವುದಾದರೆ ಜನಿವಾರ ಬೇಕು. ಪಿತೃಕಾರ್ಯದಲ್ಲಿ ಅದನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ, ಮತ್ತೆ ಎಡಕ್ಕೆ ಅಂತ ಬದಲಿಸುತ್ತಲೇ ಇರಬೇಕಾಗುತ್ತದೆ. ಸವ್ಯ, ಅಪಸವ್ಯ ಅನ್ನುವುದು ಅದಕ್ಕೇ. ದಾರವೇ ಇಲ್ಲದವರಿಗೆ ಆ ಕ್ರಿಯೆ ಕೈಯಲ್ಲಿ ಬರುವುದೇ ಇಲ್ಲ. ತೆಗೆದದ್ದಕ್ಕೆ ಪ್ರಾಯಶ್ಚಿತ್ತ ಮಾಡಿಸಿ ಹೊಸದು ಹಾಕಿಸುತ್ತೇನೆ, ಅದು ದೊಡ್ಡ ವಿಷಯ ಅಲ್ಲ ಅಂತಲೂ ಭಟ್ರು ಹೇಳಿದರು.

ಮಾಷ್ಟ್ರು ಒಪ್ಪಲಿಲ್ಲ. ನಂಬಿಕೆ ಇಲ್ಲದೆ ಸಂಕಲ್ಪ ಹೇಳಿದರೆ ಅಪ್ಪನ ಎದುರು ಸುಳ್ಳು ಹೇಳಿದ ಹಾಗೆ ಅಲ್ವಾ ಅಂತ ಕೇಳಿದರು. ಭಟ್ರ ಉತ್ತರ ಹೀಗಿತ್ತು: "ನಂಬಿ ಹೇಳಬೇಕು ಅಂತ ನಾನು ಈವರೆಗೆ ಯಾರಿಗೂ ಹೇಳಿಲ್ಲ ಮಾಷ್ಟ್ರೇ. ಹೇಳಬೇಕು, ಅಷ್ಟೆ."

ಈ ಇಬ್ಬರ ನಡುವಿನ ಅಂತರ ನನಗೆ ತುಂಬ ಮುಖ್ಯ ಅನಿಸುತ್ತದೆ. ನಮ್ಮ ಕರ್ಮಾಂಗ ಕೇಳುವುದು ಕೈಯ ಕೆಲಸವನ್ನು. ಮನಸ್ಸಿನಲ್ಲಿ ಏನಿದೆ ಅಂತ ಅದು ಪರೀಕ್ಷೆ ಮಾಡುವುದಿಲ್ಲ. ಒಳಗಿನದ್ದೂ ಹೊರಗಿನದ್ದೂ ಒಂದೇ ಆಗಿರಬೇಕು ಅನ್ನುವ ಷರತ್ತು ಮಾಷ್ಟ್ರು ತಾವೇ ಹಾಕಿಕೊಂಡದ್ದು. ಅದು ಅವರ ಧ್ಯಾನದಿಂದ ಬಂದ ಷರತ್ತು, ಅವರಿಗೆ ಅದು ಪ್ರಾಣಕ್ಕಿಂತ ಹೆಚ್ಚು. ಭಟ್ರು ಅದನ್ನು ಹಟ ಅಂದುಕೊಳ್ಳಲಿಲ್ಲ. ಆ ರಾತ್ರಿ ಆ ಮನೆಯಲ್ಲಿ ಅತ್ಯಂತ ಸಮಾಧಾನವಾಗಿ ಯೋಚಿಸಿದವರು ಅವರೇ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಹಿರಿಯನಿಗೆ ಮನಸ್ಸಿಲ್ಲದಿದ್ದರೆ ಕಿರಿಯ ಮಾಡಬಹುದು, ಅದಕ್ಕೆ ದೋಷ ಇಲ್ಲ ಅಂತ ಅವರೇ ದಾರಿ ತೋರಿಸಿದರು. ಆದರೆ ಬೆಂಕಿಯೂ ಅವನದ್ದೇ ಆಗಬೇಕು.

ಅಬ್ಬೆ ಒಂದೇ ಮಾತು ಹೇಳಿದರು. "ಅವಕ್ಕೆ ಎಲ್ಲ ಕ್ರಮಲ್ಲಿ ಆಯೆಕ್ಕು." ಅಪ್ಪನಿಗೆ ಎಲ್ಲ ಕ್ರಮದಲ್ಲೇ ಆಗಬೇಕು ಅಂತ. ಯಾರು ಮಾಡುತ್ತೀರಿ ಅಂತ ಅವರು ಕೇಳಲಿಲ್ಲ.

ಬೆಳಿಗ್ಗೆ ತಮ್ಮ ಬಂದು ಸ್ನಾನ ಮಾಡಿ ಬೆಂಕಿ ಕೊಟ್ಟರು. ಮಾಷ್ಟ್ರು ಚಟ್ಟಕ್ಕೆ ಹೆಗಲು ಕೊಟ್ಟರು, ಸೌದೆ ಜೋಡಿಸಿದರು, ಆಮೇಲೆ ಹಿಂದೆ ನಿಂತರು. ತಾನು ಕಳೆದುಕೊಂಡದ್ದು ಅದೊಂದನ್ನೇ ಅಂತ ಅವರು ಇವತ್ತಿಗೂ ಹೇಳುತ್ತಾರೆ. ಮಂತ್ರ ಬೇಡದವನಿಗೂ ಅಪ್ಪನಿಗೆ ಬೆಂಕಿ ಕೊಡುವ ಆಸೆ ಇರುತ್ತದೆ. ಮಂತ್ರವನ್ನು ಬಿಟ್ಟು ಬೆಂಕಿಯನ್ನು ಮಾತ್ರ ಇಟ್ಟುಕೊಳ್ಳುವ ದಾರಿ ಆ ಮನೆಯಲ್ಲಿ ಇರಲಿಲ್ಲ.

ಹನ್ನೆರಡನೆಯ ದಿನ ಯಾಕೆ ಎಲ್ಲರಿಗೂ ಬೇಕು

ಬೊಜ್ಜ ಅಂತ ನಮ್ಮ ಕಡೆ ಹೇಳುವ ಉತ್ತರಕ್ರಿಯೆ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ದಾಯಾದಿಗಳ ಆತಂಕ ಅರ್ಥ ಆಗುವುದಿಲ್ಲ. ಹತ್ತು ದಿನ ತೀರಿಹೋದವರಿಗೆ ಎಳ್ಳುನೀರು, ಪಿಂಡ. ಅಲ್ಲಿಯವರೆಗೆ ಅವರು ಪ್ರೇತ, ಇನ್ನೂ ಪಿತೃ ಆಗಿಲ್ಲ. ಹನ್ನೊಂದಕ್ಕೆ ಅವರೊಬ್ಬರನ್ನೇ ಉದ್ದೇಶಿಸಿದ ಶ್ರಾದ್ಧ. ಹನ್ನೆರಡನೆಯ ದಿನ ಸಪಿಂಡೀಕರಣ. ಅವರ ಪಿಂಡವನ್ನು ಮೂರು ಪಾಲು ಮಾಡಿ ಅವರ ಅಪ್ಪ, ಅಜ್ಜ, ಮುತ್ತಜ್ಜನ ಪಿಂಡಗಳಿಗೆ ಸೇರಿಸುತ್ತಾರೆ. ಅಲ್ಲಿಗೆ ಅವರು ಹಿರಿಯರ ಸಾಲಿಗೆ ಸೇರಿದರು ಅಂತ ಲೆಕ್ಕ. ಹದಿಮೂರಕ್ಕೆ ಊರವರಿಗೆಲ್ಲ ಊಟ.

ಹಳೆಯ ಕ್ರಮದಲ್ಲಿ ಸಪಿಂಡೀಕರಣ ವರ್ಷ ತುಂಬಿದ ಮೇಲೆ ಆಗಬೇಕಾದದ್ದು. ಕಾಲಕ್ರಮದಲ್ಲಿ ಅದನ್ನು ಹನ್ನೆರಡನೆಯ ದಿನಕ್ಕೆ ಎಳೆದುಕೊಂಡರು. ಅದಕ್ಕೆ ಒಂದು ಕಾರಣ ಮನೆಯಲ್ಲಿ ಮುಂದೆ ಬರುವ ಶುಭಕಾರ್ಯಗಳು. ಮದುವೆ, ಉಪನಯನಕ್ಕೆ ಮೊದಲು ನಾಂದಿ ಇಡುತ್ತಾರಲ್ಲ, ಅಲ್ಲಿ ಮೂರು ತಲೆಯ ಪಿತೃಗಳನ್ನು ಕರೆಯಬೇಕು. ನಡುವೆ ಒಬ್ಬರು ಪ್ರೇತವಾಗಿಯೇ ಉಳಿದರೆ ಆ ಸಾಲು ಕಡಿದುಹೋಗುತ್ತದೆ ಅನ್ನುವುದು ನಂಬಿಕೆ.

ಮಾಷ್ಟ್ರ ದೊಡ್ಡಪ್ಪನ ಮಗನ ಮನೆಯಲ್ಲಿ ಮುಂದಿನ ತಿಂಗಳು ಮದುವೆ ಇತ್ತು. ಸಾವಾದ ಎರಡನೆಯ ದಿನವೇ ಅಲ್ಲಿಂದ ಫೋನು. ಮಾಷ್ಟ್ರು ಏನೂ ಮಾಡುವುದಿಲ್ಲವಂತೆ, ಹೌದಾ? ಹಾಗಾದರೆ ನಮ್ಮ ಮದುವೆಯ ಗತಿ ಏನು? ಸಣ್ಣ ಮನಸ್ಸಿನಿಂದ ಬಂದ ಪ್ರಶ್ನೆ ಅಲ್ಲ ಅದು. ಛತ್ರ ಹೇಳಿ ಆಗಿದೆ, ಕಾಗದ ಹಂಚಿ ಆಗಿದೆ. ತನ್ನ ಸಾಧನೆ ತನ್ನೊಬ್ಬನದ್ದು ಅಂತ ಮಾಷ್ಟ್ರು ತಿಳಿದುಕೊಂಡಿದ್ದರು. ಒಬ್ಬ ಮಾಡದಿದ್ದರೆ ಇನ್ನೊಬ್ಬರ ಮದುವೆಗೆ ತೊಡಕಾಗುತ್ತದೆ ಅನ್ನುವುದು ಅವರಿಗೆ ಆಗಲೇ ತಿಳಿದದ್ದು. ತಮ್ಮ ಮಾಡುತ್ತಿದ್ದಾನೆ, ಹನ್ನೆರಡು ಕ್ರಮವಾಗಿ ಆಗುತ್ತದೆ ಅಂತ ಭಟ್ರೇ ಆ ಮನೆಗೆ ಹೋಗಿ ಹೇಳಿದ ಮೇಲೆ ಫೋನು ನಿಂತಿತು.

ಒಬ್ಬನೇ ಮಗ ಆಗಿದ್ದರೆ? ಬೇರೆಯವರಿಗೆ ದರ್ಭೆ ಕೊಟ್ಟು ಮಾಡಿಸುವ ಕ್ರಮ ಇದೆ. ಮಾಡಲಾಗದ ಕರ್ತೃ ತನ್ನ ಅಧಿಕಾರವನ್ನು ಹಾಗೆ ವಹಿಸಿಕೊಡಬಹುದು. ಆದರೆ ಕೊಡುವುದೂ ಒಂದು ಕ್ರಿಯೆಯೇ ಅಲ್ವಾ ಅಂತ ಮಾಷ್ಟ್ರು ಕೇಳಿದ್ದರು. ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಸಂಗ ಬರಲಿಲ್ಲ.

ಇಬ್ಬರು ಅಣ್ಣತಮ್ಮಂದಿರು

ತಮ್ಮನಿಗೆ ಸಂಧ್ಯಾವಂದನೆಯೂ ಇಲ್ಲ, ಧ್ಯಾನವೂ ಇಲ್ಲ. ಜನಿವಾರ ಇದೆ, ಅಭ್ಯಾಸಕ್ಕೆ. ದೇವರ ಬಗ್ಗೆ ಕೇಳಿದರೆ ಅದೆಲ್ಲ ಯೋಚನೆ ಮಾಡಿಲ್ಲ ಅನ್ನುತ್ತಾರೆ. ಆದರೆ ಹತ್ತು ದಿನ ಬೆಳಿಗ್ಗೆ ಎದ್ದು, ಒದ್ದೆ ಬಟ್ಟೆಯಲ್ಲಿ ಕೂತು, ಭಟ್ರು ಹೇಳಿದ್ದನ್ನು ಹೇಳಿ, ಅಕ್ಕಿ ಬೇಯಿಸಿ ಪಿಂಡ ಕಟ್ಟಿದರು. ಹತ್ತನೆಯ ದಿನ ಕ್ಷೌರ ಮಾಡಿಸಿಕೊಂಡು ತೋಟದ ಕೆರೆಯಲ್ಲಿ ಮುಳುಗಿ ಎದ್ದಾಗ ಎದೆಯ ಭಾರ ಇಳಿದ ಹಾಗೆ ಆಯಿತು ಅಂತ ಅಣ್ಣನ ಹತ್ತಿರ ಹೇಳಿದರು.

ಮಾಷ್ಟ್ರು ಆ ಹತ್ತು ದಿನವೂ ಬೆಳಗ್ಗೆ ನಾಲ್ಕೂವರೆಗೆ ಅಟ್ಟದ ಮೇಲೆ ಕೂತರು. ಕಣ್ಣು ಮುಚ್ಚಿದರೆ ಅಪ್ಪನ ಕೊನೆಯ ಉಸಿರಾಟದ ಸದ್ದು ಕೇಳುತ್ತಿತ್ತು. ಉಸಿರು ನೋಡುವ ಧ್ಯಾನದಲ್ಲಿ ಅದರಿಂದ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ದುಃಖ ಬರುತ್ತದೆ, ಹೋಗುತ್ತದೆ ಅಂತ ನೋಡಿಕೊಂಡಿರಬೇಕು ಅಂತ ಗೊತ್ತು. ನೋಡಿದರು, ಅದು ಹೋಗಲಿಲ್ಲ. ಜಪ ಸ್ವಲ್ಪ ಹಿಡಿದು ನಿಲ್ಲಿಸಿತು. ಕೈಗೆ ಒಂದು ಕೆಲಸ ಬೇಕಿತ್ತು, ಅದು ಸಿಗಲಿಲ್ಲ ಅಂತ ಅವರ ಮಾತು. ಧ್ಯಾನ ಸೋತಿತು, ಕ್ರಿಯೆ ಗೆದ್ದಿತು ಅಂತ ಇದನ್ನು ಓದಬಾರದು. ಒಂದೊಂದು ಸಾಧನೆ ಒಂದೊಂದು ಕೆಲಸಕ್ಕೆ ಹುಟ್ಟಿರುತ್ತದೆ. ದಿನಾ ಮನಸ್ಸು ತಿಳಿಯಾಗಿಡಲು ಇರುವ ಅಭ್ಯಾಸದ ಮೇಲೆ ಹತ್ತು ದಿನದ ಶೋಕವನ್ನು ಹೊರಿಸಿದರೆ ಅದಕ್ಕೆ ಭಾರ ಜಾಸ್ತಿಯಾಗುತ್ತದೆ. ಶಿಬಿರದಲ್ಲಿ ಕೂರುವಾಗ ಅಡುಗೆ ಮಾಡುವವರಿದ್ದಾರೆ, ಪ್ರಶ್ನೆ ಕೇಳಲು ಆಚಾರ್ಯರಿದ್ದಾರೆ, ಪಕ್ಕದಲ್ಲಿ ಇನ್ನಷ್ಟು ಜನ ಕೂತಿರುತ್ತಾರೆ. ಅಟ್ಟದ ಮೇಲೆ ಅವರೊಬ್ಬರೇ.

ಇನ್ನೊಂದು ವಿಷಯ ಊರವರದ್ದು. ಬೊಜ್ಜಕ್ಕೆ ಬಂದವರ ಕಣ್ಣು ಮೊದಲು ಹೋದದ್ದು ಮಾಷ್ಟ್ರ ತಲೆಯ ಮೇಲೆ. ಕೂದಲು ಹಾಗೇ ಇತ್ತು. ಎದುರಿಗೆ ಯಾರೂ ಏನೂ ಹೇಳಲಿಲ್ಲ. ಆದರೆ ಮರ ಕಡಿಯಲು ಬಂದಿದ್ದ ನೆರೆಯವರೊಬ್ಬರು ಆಮೇಲೆ ನೇರವಾಗಿ ಕೇಳಿದರು, ನಮ್ಮ ಮನೆಯ ಬೊಜ್ಜದ ಊಟಕ್ಕೆ ನೀವು ಬರಲಿಲ್ಲ, ನಾವು ಮಾತ್ರ ಬರಬೇಕಾ ಅಂತ. ಮಾಷ್ಟ್ರು ಸಾವಿನ ಮನೆಗೆ ಹೋಗುತ್ತಿದ್ದರು, ಹೊರಲೂ ಹೋಗುತ್ತಿದ್ದರು, ಹದಿಮೂರರ ಊಟಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಕ್ರಿಯೆಯನ್ನು ಒಪ್ಪದವನು ಅದರ ಊಟ ಹೇಗೆ ಮಾಡುವುದು ಅಂತ ಅವರ ಲೆಕ್ಕ. ನೆರೆಯವರ ಲೆಕ್ಕದಲ್ಲಿ ಆ ಊಟ ಧರ್ಮದ್ದಲ್ಲ, ನೆರೆತನದ್ದು. ನನ್ನ ಅಭಿಪ್ರಾಯದಲ್ಲಿ ನೆರೆಯವರು ಹೇಳಿದ್ದು ಸರಿ. ಮಾಷ್ಟ್ರು ಅದನ್ನು ಒಪ್ಪಿಕೊಂಡರು. ಅಪ್ಪನ ಹದಿಮೂರಕ್ಕೆ ಪಂಕ್ತಿಯಲ್ಲಿ ಬಡಿಸಿದರು. ಅಂದಿನಿಂದ ಬೇರೆ ಮನೆಗಳ ಊಟಕ್ಕೂ ಹೋಗುತ್ತಾರೆ.

ಆ ಮೇಲಿನ ವರ್ಷ

ಹದಿಮೂರು ದಿನ ಮುಗಿದರೆ ಎಲ್ಲ ಮುಗಿಯಿತು ಅಂತ ಮಾಷ್ಟ್ರು ಎಣಿಸಿದ್ದರು. ಆದರೆ ತಿಂಗಳು ತಿಂಗಳು ಮಾಸಿಕ ಬರುತ್ತದೆ. ಅದನ್ನೂ ತಮ್ಮನೇ ಮಾಡಬೇಕು. ಎರಡು ತಿಂಗಳು ರಜೆ ಹಾಕಿ ಬಂದರು. ಮೂರನೆಯದಕ್ಕೆ ಆಗಲಿಲ್ಲ, ಬೆಂಗಳೂರಿನಲ್ಲೇ ಒಂದು ಕಡೆ ಮಾಡಿಸಿದರು. ಅಬ್ಬೆಗೆ ಅದು ಕಾಣಲಿಲ್ಲ. ತಾನಿರುವ ಮನೆಯಲ್ಲಿ, ತನ್ನ ಎದುರಿಗೆ ಆದರೆ ಮಾತ್ರ ಅವರಿಗೆ ಆದ ಹಾಗೆ.

ಆಗ ಮಾಷ್ಟ್ರು ತಮ್ಮದೇ ಒಂದು ಕ್ರಮ ಶುರುಮಾಡಿದರು. ಆ ತಿಥಿಯ ದಿನ ಬೆಳಿಗ್ಗೆ ಅಬ್ಬೆಯ ಜೊತೆ ಚಾವಡಿಯಲ್ಲಿ ಒಂದು ಗಂಟೆ ಕೂರುವುದು. ಅಬ್ಬೆ ವಿಷ್ಣುಸಹಸ್ರನಾಮ ಹೇಳುತ್ತಾರೆ, ಇವರು ರಾಮಜಪ ಮಾಡುತ್ತಾರೆ. ಆಮೇಲೆ ಒಂದು ಮನೆಗೆ ತಿಂಗಳಿಗಾಗುವಷ್ಟು ಅಕ್ಕಿ ಕೊಟ್ಟು ಬರುವುದು. ಮಧ್ಯಾಹ್ನ ಅಪ್ಪನಿಗೆ ಇಷ್ಟವಾಗಿದ್ದ ಅಡುಗೆ. ತುಂಬ ಪ್ರೀತಿಯಿಂದ ಮಾಡಿದ ಕ್ರಮ ಅದು. ಮೂರು ನಾಲ್ಕು ತಿಂಗಳು ಕಳೆದ ಮೇಲೆ ಅಬ್ಬೆ ಹೇಳಿದರು: "ಇದು ಒಳ್ಳೆದೇ. ಆದರೆ ಇದು ತಿಥಿ ಅಲ್ಲ."

ಅಬ್ಬೆ ತಪ್ಪು ಹೇಳಲಿಲ್ಲ. ಸ್ವಂತ ಕ್ರಮ ಕಟ್ಟಿಕೊಳ್ಳುವವರಿಗೆ ಬರುವ ನಿಜವಾದ ಮಿತಿ ಇಲ್ಲಿದೆ. ತಿಥಿ ಅನ್ನುವುದು ತಿಥಿ ಆಗುವುದು ಎಲ್ಲರೂ ಅದನ್ನು ತಿಥಿ ಅಂತ ಒಪ್ಪಿದಾಗ. ಒಬ್ಬ ಮಗ ಎಷ್ಟೇ ಪ್ರಾಮಾಣಿಕನಾಗಿದ್ದರೂ ಆ ಒಪ್ಪಿಗೆಯನ್ನು ತಾನೇ ಹುಟ್ಟಿಸಲು ಆಗುವುದಿಲ್ಲ. ಎರಡೂ ನಡೆಯಲಿ ಅಂತ ಕೊನೆಗೆ ಆಯಿತು. ತಮ್ಮ ಬರಲು ಆದ ತಿಂಗಳು ಕ್ರಮವಾದ ಮಾಸಿಕ, ಆಗದ ತಿಂಗಳು ತಮ್ಮ ಇರುವಲ್ಲೇ ಮಾಡುವುದು. ಚಾವಡಿಯ ಒಂದು ಗಂಟೆ ಮಾತ್ರ ಎಲ್ಲ ತಿಂಗಳೂ. ವರ್ಷಾಂತಕ್ಕೆ ತಮ್ಮ ನಾಲ್ಕು ದಿನ ಮೊದಲೇ ಬಂದರು. ಮಾಷ್ಟ್ರು ಆ ದಿನ ಅಡುಗೆ ಕೋಣೆಯ ಜವಾಬ್ದಾರಿ ವಹಿಸಿಕೊಂಡರು.

ಆ ವರ್ಷ ಅವರ ಸಾಧನೆಗೆ ಏನಾಯಿತು ಅಂತಲೂ ಕೇಳಿದೆ. ಬೆಳಗಿನ ಒಂದು ಗಂಟೆ ಮುಕ್ಕಾಲಾಯಿತು, ಆಮೇಲೆ ಅರ್ಧ. ಸಂಜೆಯದ್ದು ಬಿಟ್ಟೇ ಹೋಯಿತು. ಮೈಯ ಸಂವೇದನೆ ನೋಡುವ ಭಾಗ ಕಷ್ಟ, ಅದನ್ನು ದಾಟಿಸಿ ಹಿತವಾಗಿದ್ದ ಜಪಕ್ಕೆ ಜಾರುತ್ತಿದ್ದರು. ಒಂಟಿ ಸಾಧಕರಲ್ಲಿ ಹಾಳಾಗುವುದು ಹೀಗೇ. ಒಂದು ದಿನ ನಿಂತುಹೋದರೆ ಗೊತ್ತಾಗುತ್ತಿತ್ತು. ಹಿತವಾದ ಭಾಗ ಮಾತ್ರ ಉಳಿಯುತ್ತಾ ಬರುವುದರಿಂದ ಗೊತ್ತಾಗುವುದಿಲ್ಲ. ಗಮನಿಸಿ ಹೇಳುವವರು ಪಕ್ಕದಲ್ಲಿ ಇರುವುದಿಲ್ಲ. ಇದನ್ನು ತಿಳಿದ ಮೇಲೆ ಮಾಷ್ಟ್ರು ತಿಂಗಳಿಗೊಮ್ಮೆ ಕಾಞಂಗಾಡಿಗೆ ಹೋಗಿ ಆಶ್ರಮದಲ್ಲಿ ಕೂತು ಬರುತ್ತಾರೆ. ಶಿಷ್ಯನಾಗಿ ಅಲ್ಲ, ಯಾವ ಸಮಿತಿಗೂ ಸೇರಿಲ್ಲ. ಬೇರೆಯವರ ಜೊತೆ ಕೂತಾಗ ತಾನು ಎಷ್ಟು ಬೇಗ ಏಳಲು ನೋಡುತ್ತೇನೆ ಅಂತ ಗೊತ್ತಾಗುತ್ತದೆ ಅನ್ನುತ್ತಾರೆ. ಪೂರ್ತಿ ಸೇರಿಕೊಳ್ಳುವುದಕ್ಕೂ ಪೂರ್ತಿ ಒಂಟಿಯಾಗುವುದಕ್ಕೂ ನಡುವೆ ಇಂಥ ಜಾಗ ಹತ್ತಿರದಲ್ಲೇ ಸಿಕ್ಕಿದ್ದು ಅವರ ಪುಣ್ಯ. ಎಲ್ಲ ಊರಲ್ಲೂ ಸಿಗುವುದಿಲ್ಲ.

ಮಗಳ ಪ್ರಶ್ನೆ, ಮತ್ತೆ ಒಂದು ಕಾಗದ

ವರ್ಷಾಂತದ ರಾತ್ರಿ ಮಗಳು ಅಪ್ಪನನ್ನು ಕೇಳಿದಳು. ಚಿಕ್ಕಪ್ಪನ ಮಕ್ಕಳಿಗೆ ಇದೆಲ್ಲ ಗೊತ್ತಿದೆ, ಅಜ್ಜಿಯ ಜೊತೆ ಶ್ಲೋಕ ಹೇಳುತ್ತಾರೆ. ನನಗೆ ನೀವು ಏನು ಕಲಿಸಿದ್ದೀರಿ? ಮಾಷ್ಟ್ರು ಅವಳಿಗೆ ಏನನ್ನೂ ಹೇರಬಾರದು ಅಂತ ಇದ್ದವರು. ಹೇರದೆ ಇದ್ದದ್ದು ಅವಳಿಗೆ ಏನೂ ಕೊಡದ ಹಾಗೆ ಕಂಡಿತ್ತು.

1985ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಬೆಲ್ಲಾ ಮತ್ತು ಅವರ ಸಂಗಡಿಗರು ಒಬ್ಬ ನರ್ಸ್ ಬಗ್ಗೆ ಬರೆದರು. ಆಕೆ ತನ್ನ ನಂಬಿಕೆಗೆ ತನ್ನ ಹೆಸರನ್ನೇ ಇಟ್ಟುಕೊಂಡಿದ್ದಳು, ಶೀಲಾಯಿಸಂ ಅಂತ. ಹೀಗಾದರೆ ಒಬ್ಬೊಬ್ಬರಿಗೆ ಒಂದೊಂದು ಧರ್ಮ ಆಗುತ್ತದೆ ಅಂತ ಬೆಲ್ಲಾ ಅವರಿಗೆ ಚಿಂತೆ. ಮಾಷ್ಟ್ರ ವಿಷಯದಲ್ಲಿ ಆ ಚಿಂತೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಅವರ ಸಾಧನೆ ಅವರೊಬ್ಬರದ್ದಲ್ಲ, ಅಜ್ಜಿಯಿಂದ ಬಂದದ್ದು. ಆದರೆ ಅಜ್ಜಿಯಿಂದ ಬಂದದ್ದು ಅವರಲ್ಲಿಗೆ ಬಂದು ನಿಂತಿದೆ. ಅಜ್ಜಿ ಕಲಿಸುವಾಗ ಹೇರುತ್ತಿದ್ದೇನೆ ಅಂತ ಯೋಚಿಸಿರಲಿಲ್ಲ. ಈಗ ಮಗಳು ಆಗೀಗ ಚಾವಡಿಯಲ್ಲಿ ಬಂದು ಕೂರುತ್ತಾಳೆ. ಹೆಚ್ಚಾಗಿ ಅಜ್ಜಿಯ ಪಕ್ಕ.

ಮುಂದಿನದ್ದು ಅಬ್ಬೆಯೇ ಎತ್ತಿದ ವಿಷಯ. ನನ್ನ ಹೊತ್ತಿಗೆ ರಾತ್ರಿ ಕೂತು ಚರ್ಚೆ ಮಾಡುವುದು ಬೇಡ, ಈಗಲೇ ಹೇಳಿಬಿಡುತ್ತೇನೆ ಅಂದರು. ಎಲ್ಲ ಕ್ರಮವಾಗಿ ಆಗಬೇಕು, ಸಣ್ಣವನೇ ಮಾಡಲಿ, ಅವನು ಬರುವವರೆಗೆ ಕಾಯಿರಿ. ಆದರೆ ಸೌದೆ ಜೋಡಿಸುವುದೂ ಹದಿಮೂರಕ್ಕೆ ಬಡಿಸುವುದೂ ದೊಡ್ಡವನದ್ದು. ಮಾಷ್ಟ್ರು ಅದನ್ನು ಬರೆದುಕೊಂಡರು. ಅಬ್ಬೆ, ತಮ್ಮ, ಹೆಂಡತಿ ಮೂವರ ಎದುರಿಗೆ ಓದಿದರು.

ಇಂಥ ಕಾಗದ ಒಂದಿದ್ದರೆ ಮೊದಲ ಸಲದ ರಾತ್ರಿ ಎಷ್ಟೋ ಸುಲಭ ಆಗುತ್ತಿತ್ತು. ಸಾಧನೆ ಇಟ್ಟುಕೊಂಡು ಸಂಸ್ಥೆ ಬಿಟ್ಟವರು ಮನೆಯಲ್ಲಿ ಹಿರಿಯರಿರುವಾಗಲೇ ಕೇಳಿ ಇಟ್ಟುಕೊಳ್ಳಬೇಕಾದದ್ದು ಮೂರೇ ವಿಷಯ: ಬೆಂಕಿ ಯಾರದ್ದು, ಹನ್ನೆರಡು ಯಾರದ್ದು, ವರ್ಷದ ಮಾಸಿಕ ಯಾರು ಎಲ್ಲಿ ಮಾಡುವುದು. ನಂಬಿಕೆಯ ಬಗ್ಗೆ ವಾದ ಮಾಡಿದರೆ ಮುಗಿಯುವುದಿಲ್ಲ. ಕೆಲಸ ಹಂಚಿದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ದಾಯಾದಿಗಳಿಗೂ ಪುರೋಹಿತರಿಗೂ ಮೊದಲೇ ತಿಳಿಸಿದರೆ ಇನ್ನೂ ಒಳ್ಳೆಯದು.

ಅದೇ ಕಾಗದದ ಹಿಂಬದಿಯಲ್ಲಿ ಮಾಷ್ಟ್ರು ತಮ್ಮದನ್ನೂ ಬರೆಯಲು ಹೊರಟರು. ಸುಡಬೇಕು, ಮಂತ್ರ ಬೇಡ, ಬೆಂಕಿ ಮಗಳು ಕೊಡಲಿ, ರಾಮಜಪ ಇರಲಿ. ಇಷ್ಟಕ್ಕೆ ಹೆಂಡತಿ ಒಪ್ಪಿದರು. ಹನ್ನೆರಡರ ವಿಷಯ ಬಂದಾಗ ಒಪ್ಪಲಿಲ್ಲ. "ನೀವು ಹೋದ ಮೇಲೆ ಈ ಊರಲ್ಲಿ ಇರುವವಳು ನಾನು. ಮಗಳ ಮದುವೆಗೆ ನಾಂದಿ ಇಡಬೇಕಾದರೆ ನಿಮ್ಮನ್ನು ಎಲ್ಲಿ ಅಂತ ಕರೆಯುವುದು?" ಅಂತ ಕೇಳಿದರು. ಮಾಷ್ಟ್ರು ಆ ಸಾಲನ್ನು ಖಾಲಿ ಬಿಟ್ಟಿದ್ದಾರೆ. ಅವರಿಬ್ಬರ ನಡುವೆ ಆ ಮಾತು ಇನ್ನೂ ನಡೆಯುತ್ತಿದೆ.